ಸಿಗರೇಟ್ ವಿಷಯ ಮುಚ್ಚಿಟ್ಟಿದ್ದರು ಅಂತ ಕ್ಲೇಮ್ ತಿರಸ್ಕರಿಸಿದ್ದಾರಾ? ಮೇಲ್ಮನವಿ ಹಾಕುವುದು ಹೀಗೆ

2025ರ ಏಪ್ರಿಲ್ ಕೊನೆಯ ವಾರ ಅಕ್ಕ ಫೋನ್ ಮಾಡಿದಳು. ಭಾವ ತೀರಿಕೊಂಡು ಮೂರೂವರೆ ತಿಂಗಳಾಗಿತ್ತು. "ಇನ್ಶೂರೆನ್ಸ್‌ನವರು ಏನೋ ಕಾಗದ ಕಳಿಸಿದ್ದಾರೆ ಕಣೋ. ನಿಮ್ಮ ಭಾವ ಸುಳ್ಳು ಹೇಳಿ ಪಾಲಿಸಿ ಮಾಡಿಸಿದ್ರು ಅಂತ ಬರೆದಿದ್ದಾರಂತೆ" ಅಂದಳು. ದುಡ್ಡು ಬರುವುದಿಲ್ಲ ಅನ್ನುವುದಕ್ಕಿಂತ ಆ 'ಸುಳ್ಳು' ಅನ್ನೋ ಮಾತೇ ಅವಳಿಗೆ ಜಾಸ್ತಿ ನೋವು ಕೊಟ್ಟಿತ್ತು.

ಪತ್ರದಲ್ಲಿ ಇದ್ದದ್ದು ಇಷ್ಟು: ಮೃತರು ಹದಿನೈದು ವರ್ಷಗಳಿಂದ ಧೂಮಪಾನಿ. ಪಾಲಿಸಿಗೆ ಹಾಕುವ ಅರ್ಜಿಯಾದ ಪ್ರಪೋಸಲ್ ಫಾರ್ಮ್‌ನಲ್ಲಿ ತಂಬಾಕಿನ ಪ್ರಶ್ನೆಗೆ 'ಇಲ್ಲ' ಎಂದು ಉತ್ತರಿಸಿದ್ದಾರೆ. ಮುಖ್ಯ ಸಂಗತಿ ಮುಚ್ಚಿಟ್ಟಿದ್ದರಿಂದ ಕ್ಲೇಮ್ ತಿರಸ್ಕರಿಸಲಾಗಿದೆ. ಕಟ್ಟಿದ ಪ್ರೀಮಿಯಂ ವಾಪಸ್ ಕೊಡಲಾಗುವುದು.

ಅಲ್ಲಿಂದ ಆರು ತಿಂಗಳು ನಾನು ಅಕ್ಕನ ಜೊತೆ ಈ ಕಾಗದಪತ್ರಗಳ ಹಿಂದೆ ಓಡಾಡಿದೆ. ಏನು ಮಾಡಬೇಕು, ಯಾವುದು ಮೊದಲು, ಎಲ್ಲಿ ಎಡವುತ್ತಾರೆ ಅಂತ ಆ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ತಾರೀಖು ನೋಡಿ

ಪತ್ರ ಕೈಗೆ ಬಂದ ಕೂಡಲೇ ಕೋಪದಲ್ಲಿ ಉತ್ತರ ಬರೆಯಬೇಡಿ. ಮೊದಲು ಪಾಲಿಸಿ ಬಾಂಡ್ ತೆಗೆದು ಎರಡು ತಾರೀಖು ಬರೆದುಕೊಳ್ಳಿ: ಪಾಲಿಸಿ ಶುರುವಾದ ದಿನ, ತಿರಸ್ಕಾರ ಪತ್ರದ ದಿನ.

ಯಾಕೆಂದರೆ 1938ರ ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಮೂರು ವರ್ಷ ಕಳೆದ ಮೇಲೆ ಲೈಫ್ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ವಂಚನೆ ಅಂತ ಹೇಳಿದರೂ ಇಲ್ಲ. 2015ರ ತಿದ್ದುಪಡಿಯಿಂದ ಬಂದ ನಿಯಮ ಇದು. ಮೂರು ವರ್ಷವನ್ನು ಪಾಲಿಸಿ ಕೊಟ್ಟ ದಿನ, ರಿಸ್ಕ್ ಶುರುವಾದ ದಿನ, ಪಾಲಿಸಿ ರಿವೈವಲ್ ಆದ ದಿನ ಅಥವಾ ರೈಡರ್ ಅನ್ನುವ ಹೆಚ್ಚುವರಿ ರಕ್ಷಣೆ ಸೇರಿಸಿದ ದಿನ, ಇವುಗಳಲ್ಲಿ ಯಾವುದು ಕೊನೆಯದೋ ಅಲ್ಲಿಂದ ಎಣಿಸಬೇಕು.

ಇಲ್ಲಿ ಎರಡು ಕಡೆ ಜನ ತಪ್ಪು ಲೆಕ್ಕ ಹಾಕುತ್ತಾರೆ. ಮಧ್ಯೆ ಪ್ರೀಮಿಯಂ ಕಟ್ಟದೆ ಪಾಲಿಸಿ ನಿಂತುಹೋಗಿ, ಆಮೇಲೆ ರಿವೈವಲ್ ಮಾಡಿಸಿದ್ದರೆ ಮೂರು ವರ್ಷ ಮತ್ತೆ ಮೊದಲಿಂದ ಶುರು. ಆಗ ಸಹಿ ಹಾಕಿದ ಆರೋಗ್ಯ ಘೋಷಣೆಯ ಕಾಗದವನ್ನೂ ಹುಡುಕಬೇಕು, ಅದರಲ್ಲೂ ತಂಬಾಕಿನ ಪ್ರಶ್ನೆ ಇರುತ್ತದೆ. ಇನ್ನೊಂದು, ಕಾನೂನು ಹೇಳುವುದು ಪಾಲಿಸಿಯನ್ನು ಪ್ರಶ್ನಿಸುವ ದಿನದ ಬಗ್ಗೆ. ಹಾಗಾಗಿ ಸಾವು ಮೂರು ವರ್ಷದೊಳಗೆ ಆಗಿ, ತಿರಸ್ಕಾರದ ಪತ್ರ ಮೂರು ವರ್ಷ ದಾಟಿ ಬಂದಿದ್ದರೆ, ನಿಮ್ಮ ಮೇಲ್ಮನವಿಯ ಮೊದಲ ವಾಕ್ಯವೇ ಅದಾಗಬೇಕು.

ನಮ್ಮ ಲೆಕ್ಕ ಹೀಗಿತ್ತು. ಪಾಲಿಸಿ ಶುರು 2022ರ ಜೂನ್ 18. ಭಾವ ತೀರಿಕೊಂಡಿದ್ದು 2025ರ ಜನವರಿ 9, ಹೃದಯಾಘಾತದಿಂದ. ಪತ್ರ ಏಪ್ರಿಲ್ 21ರದ್ದು. ಮೂರು ವರ್ಷ ಮುಗಿಯಲು ಇನ್ನೂ ಎರಡು ತಿಂಗಳು ಬಾಕಿ. ಹಾಗಾಗಿ ಈ ಬಾಗಿಲು ನಮಗೆ ಮುಚ್ಚಿತ್ತು, ಕಂಪನಿ ಹೇಳಿದ ಕಾರಣವನ್ನೇ ಎದುರಿಸಬೇಕಾಯಿತು.

ಪತ್ರದಲ್ಲಿ ಯಾವ ಆರೋಪ ಇದೆ?

ಮೂರು ವರ್ಷದೊಳಗೆ ಕಂಪನಿ ಎರಡು ಬೇರೆ ಬೇರೆ ಆರೋಪ ಹೊರಿಸಬಹುದು. ಒಂದು, ವಂಚನೆ. ಅಂದರೆ ಮೋಸ ಮಾಡುವ ಉದ್ದೇಶದಿಂದಲೇ ಸುಳ್ಳು ಹೇಳಿದರು ಅನ್ನುವುದು. ಇದು 45(2). ಇನ್ನೊಂದು, ಉದ್ದೇಶ ಏನೇ ಇರಲಿ, ಮುಖ್ಯವಾದ ಸಂಗತಿಯನ್ನು ತಪ್ಪಾಗಿ ಹೇಳಿದರು ಅಥವಾ ಹೇಳಲಿಲ್ಲ ಅನ್ನುವುದು. ಇದು 45(4).

ಎರಡಕ್ಕೂ ಉತ್ತರ ಬೇರೆ. ವಂಚನೆ ಅಂದಾಗ, ಪಾಲಿಸಿದಾರ ಬದುಕಿಲ್ಲದಿದ್ದರೆ, ವಂಚನೆ ಅಲ್ಲ ಅಂತ ತೋರಿಸುವ ಹೊಣೆಯನ್ನು ಕಾನೂನು ಹಣ ಪಡೆಯುವವರ ಮೇಲೆ ಹಾಕಿದೆ. ಗಂಡನನ್ನು ಕಳೆದುಕೊಂಡವಳ ಮೇಲೆ ಈ ಭಾರ ಹಾಕುವುದು ನನಗಂತೂ ನ್ಯಾಯ ಅನ್ನಿಸುವುದಿಲ್ಲ, ಆದರೆ ಕಾನೂನು ಹಾಗಿದೆ. ಮುಖ್ಯ ಸಂಗತಿ ಮುಚ್ಚಿಟ್ಟರು ಎಂದಷ್ಟೇ ಹೇಳಿದರೆ ಹೊಣೆ ಕಂಪನಿಯ ಮೇಲೆ. ಆಗ ತಿರಸ್ಕರಿಸಿದರೂ ಅದುವರೆಗಿನ ಪ್ರೀಮಿಯಂ ಅನ್ನು 90 ದಿನದೊಳಗೆ ವಾಪಸ್ ಕೊಡಬೇಕು.

ಪತ್ರದಲ್ಲಿ ಉಪಕಲಂ ಬರೆದಿರದಿದ್ದರೂ ಗುರುತು ಹಿಡಿಯಬಹುದು. ಪ್ರೀಮಿಯಂ ವಾಪಸ್ ಕೊಡುತ್ತೇವೆ ಅಂದಿದ್ದರೆ ಅವರು ಸಾಮಾನ್ಯವಾಗಿ ಎರಡನೆಯ ದಾರಿ ಹಿಡಿದಿದ್ದಾರೆ ಅಂತ ಅರ್ಥ. ನಮ್ಮ ಪತ್ರದಲ್ಲಿ 'ವಂಚನೆ' ಅನ್ನುವ ಪದವೇ ಇರಲಿಲ್ಲ. ಅಕ್ಕನಿಗೆ ಇದನ್ನು ತೋರಿಸಿದೆ. "ಸುಳ್ಳುಗಾರ ಅಂತ ಬರೆದಿಲ್ಲ ಅಕ್ಕ, ಹೇಳಲಿಲ್ಲ ಅಂತ ಅಷ್ಟೇ ಬರೆದಿದ್ದಾರೆ" ಅಂದ ಮೇಲೆ ಅವಳು ಸ್ವಲ್ಪ ಸಮಾಧಾನವಾದಳು.

ಕಂಪನಿಯಿಂದ ಕಾಗದ ತರಿಸಿಕೊಳ್ಳಿ

ತಿರಸ್ಕರಿಸುವಾಗ ಕಾರಣವನ್ನೂ ಅದಕ್ಕೆ ಆಧಾರವಾದ ಸಾಮಗ್ರಿಯನ್ನೂ ಲಿಖಿತವಾಗಿ ತಿಳಿಸಬೇಕು ಅಂತ 45ನೇ ಕಲಂ ಹೇಳುತ್ತದೆ. ಆದ್ದರಿಂದ ಮೊದಲ ಪತ್ರದಲ್ಲಿ ವಾದ ಬೇಡ, ಕಾಗದ ಕೇಳಿ. ಈಮೇಲ್ ಮಾಡಿ, ಅದನ್ನೇ ಪ್ರಿಂಟ್ ತೆಗೆದು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಾವು ಕೇಳಿದ್ದು ಇವು:

- ಸಹಿ ಇರುವ ಪ್ರಪೋಸಲ್ ಫಾರ್ಮ್, ಎಲ್ಲ ಪುಟ
- ಪಾಲಿಸಿ ಕೊಡುವ ಮೊದಲು ಮಾಡಿಸಿದ ಮೆಡಿಕಲ್ ರಿಪೋರ್ಟ್, ಲ್ಯಾಬ್ ರಿಪೋರ್ಟ್ ಸಮೇತ
- ಪಾಲಿಸಿ ಕೊಡುವ ಮುಂಚೆ ಬಂದ ವೆರಿಫಿಕೇಶನ್ ಕರೆಯ ರೆಕಾರ್ಡಿಂಗ್
- ತನಿಖೆ ಮಾಡಿದವರ ವರದಿ, ಅವರು ಪಡೆದ ಹೇಳಿಕೆಗಳು
- ಕಂಪನಿ ನೆಚ್ಚಿಕೊಂಡ ಆಸ್ಪತ್ರೆ ದಾಖಲೆ
- ತಂಬಾಕು ಬಳಸುವವರಿಗೆ ಪಾಲಿಸಿ ಕೊಡುವ ಬಗ್ಗೆ ಕಂಪನಿಯ ಅಂಡರ್‌ರೈಟಿಂಗ್ ನಿಯಮ

ಕೊನೆಯದನ್ನು ಅವರು ಕೊಡುವುದು ಅಪರೂಪ. ನಮಗೂ ಕೊಡಲಿಲ್ಲ. ಆದರೂ ಕೇಳಿ. ಕೇಳಿದ್ದಕ್ಕೆ ಕೊಡಲಿಲ್ಲ ಅನ್ನುವುದು ಮುಂದೆ ನಿಮ್ಮ ಕಡೆಯ ಒಂದು ಮಾತಾಗುತ್ತದೆ. ಪ್ರಪೋಸಲ್ ಫಾರ್ಮ್‌ನ ನಕಲು ಪಾಲಿಸಿ ಬಾಂಡ್ ಜೊತೆಗೇ ಬಂದಿರಬಹುದು, ಮನೆಯಲ್ಲಿ ಹುಡುಕಿ ನೋಡಿ.

ಪ್ರಪೋಸಲ್ ಫಾರ್ಮ್‌ನ ಪ್ರಶ್ನೆಯನ್ನು ಅಕ್ಷರ ಅಕ್ಷರ ಓದಿ

ಜಗಳ ಎಲ್ಲ ನಿಂತಿರುವುದು ಆ ಒಂದು ಪ್ರಶ್ನೆಯ ಮೇಲೆ. ಕೆಲವು ಫಾರ್ಮ್‌ಗಳಲ್ಲಿ 'ನೀವು ಧೂಮಪಾನ ಮಾಡುತ್ತೀರಾ?' ಅಂತ ಈಗಿನದನ್ನು ಮಾತ್ರ ಕೇಳುತ್ತಾರೆ. ಕೆಲವದರಲ್ಲಿ ಕಳೆದ 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಅವಧಿ ಹೇಳಿರುತ್ತಾರೆ. ಇನ್ನು ಕೆಲವದರಲ್ಲಿ 'ಎಂದಾದರೂ ಬಳಸಿದ್ದೀರಾ' ಅಂತಲೇ ಇರುತ್ತದೆ. 'ಯಾವುದೇ ರೂಪದ ತಂಬಾಕು' ಅಂತಿದ್ದರೆ ಬೀಡಿ, ಗುಟ್ಕಾ, ಎಲೆಅಡಿಕೆ ಜೊತೆ ಹಾಕುವ ಹೊಗೆಸೊಪ್ಪು ಎಲ್ಲವೂ ಅದರಲ್ಲಿ ಸೇರಿತು.

ಭಾವ ಸಿಗರೇಟ್ ಸೇದುತ್ತಿದ್ದದ್ದು ನಿಜ. ಅಂಗಡಿ ಬಾಗಿಲು ಹಾಕಿ ಬರುವಾಗ ದಾರಿಯಲ್ಲಿ ಒಂದೆರಡು. 2020ರ ಕೊನೆಯಲ್ಲಿ ಬಿಟ್ಟರು. ಮಗಳು ಹಟ ಹಿಡಿದಿದ್ದಳು. ಅವರ ಫಾರ್ಮ್‌ನಲ್ಲಿದ್ದ ಪ್ರಶ್ನೆ ಹೀಗಿತ್ತು: ಕಳೆದ 12 ತಿಂಗಳಲ್ಲಿ ಯಾವುದೇ ರೂಪದಲ್ಲಿ ತಂಬಾಕು ಅಥವಾ ನಿಕೋಟಿನ್ ಬಳಸಿದ್ದೀರಾ? 2022ರ ಜೂನ್‌ನಲ್ಲಿ ಅದಕ್ಕೆ 'ಇಲ್ಲ' ಅಂದದ್ದು ಸರಿಯಾದ ಉತ್ತರವೇ. ಕಂಪನಿಯ ಪತ್ರದಲ್ಲಿ ಮಾತ್ರ ಆ 12 ತಿಂಗಳ ಮಾತೇ ಇರಲಿಲ್ಲ. 'ತಂಬಾಕಿನ ಪ್ರಶ್ನೆಗೆ ಇಲ್ಲ ಎಂದಿದ್ದಾರೆ' ಅಂತಷ್ಟೇ ಇತ್ತು.

ಫಾರ್ಮ್ ತುಂಬಿದ ಕೈಬರಹವನ್ನೂ ನೋಡಿ. ಇಂಗ್ಲಿಷ್ ಫಾರ್ಮ್‌ನಲ್ಲಿ ಪಾಲಿಸಿದಾರ ಕನ್ನಡದಲ್ಲಿ ಸಹಿ ಹಾಕಿದ್ದರೆ, ವಿಷಯ ಓದಿ ಹೇಳಿದ್ದೇವೆ ಅನ್ನುವ ಮೂರನೆಯವರ ಘೋಷಣೆ ಅದೇ ಫಾರ್ಮ್‌ನ ಕೊನೆಯಲ್ಲಿ ಇರಬೇಕು. ಅದು ಖಾಲಿ ಇದ್ದರೆ ಬರೆದುಕೊಳ್ಳಿ. ಏಜೆಂಟ್‌ಗೆ ಸಿಗರೇಟ್ ವಿಷಯ ಗೊತ್ತಿದ್ದೂ ಅವನೇ 'ಇಲ್ಲ' ಅಂತ ಟಿಕ್ ಮಾಡಿದ್ದರೆ 45(3)ರ ವಿವರಣೆ ನೆರವಿಗೆ ಬರುತ್ತದೆ. ಪಾಲಿಸಿ ಮಾಡಿಸಲು ಮಾತಾಡಿ ಒಪ್ಪಿಸಿದವನನ್ನು, ಕರಾರು ಆಗುವ ಮಟ್ಟಿಗೆ, ಕಂಪನಿಯ ಏಜೆಂಟ್ ಅಂತಲೇ ಪರಿಗಣಿಸಬೇಕು ಅಂತ ಅಲ್ಲಿದೆ. ಕಂಪನಿಗೆ ಗೊತ್ತಿದ್ದ ಸಂಗತಿಯನ್ನು ಮುಚ್ಚಿಟ್ಟರು ಅಂತ ವಂಚನೆಯ ಆರೋಪ ಹೊರಿಸುವಂತಿಲ್ಲ ಅಂತಲೂ ಇದೆ. ಆದರೆ 'ಏಜೆಂಟ್‌ಗೆ ಗೊತ್ತಿತ್ತು' ಅಂತ ಸುಮ್ನೆ ಬರೆದರೆ ಸಾಲದು. ವಾಟ್ಸ್‌ಆ್ಯಪ್ ಮೆಸೇಜೋ, ಏಜೆಂಟನ ಲಿಖಿತ ಹೇಳಿಕೆಯೋ ಬೇಕು. ಸಹಿ ಹಾಕಿದವನು ಓದಿಯೇ ಹಾಕಿದ್ದಾನೆ ಅಂತ ಕೋರ್ಟುಗಳು ಸಾಮಾನ್ಯವಾಗಿ ನಂಬುತ್ತವೆ.

ಕಂಪನಿಯೇ ಮೆಡಿಕಲ್ ಮಾಡಿಸಿದ್ದರೆ ಮೂತ್ರದಲ್ಲಿ ಕೊಟಿನಿನ್ ಪರೀಕ್ಷೆ ಆಗಿದೆಯಾ ನೋಡಿ. ನಿಕೋಟಿನ್ ದೇಹದಲ್ಲಿ ಕರಗಿ ಆಗುವ ವಸ್ತು ಅದು. ಕೊನೆಯ ಕೆಲವು ದಿನಗಳ ಬಳಕೆಯನ್ನು ಮಾತ್ರ ತೋರಿಸುತ್ತದೆ. ನೆಗೆಟಿವ್ ಬಂದಿದ್ದರೆ ಅದು ಅವರದ್ದೇ ಲ್ಯಾಬಿನ ಪುರಾವೆ, ಆದರೆ ವರ್ಷಗಟ್ಟಲೆ ಸೇದಿಲ್ಲ ಅನ್ನುವುದಕ್ಕೆ ಅದೊಂದೇ ಸಾಲದು. ಭಾವನಿಗೆ ಆ ಪರೀಕ್ಷೆ ಮಾಡಿಸಿರಲಿಲ್ಲ.

ಕೇಸ್ ಶೀಟ್‌ನ ಎಲ್ಲ ಪುಟ ತನ್ನಿ

ನನ್ನ ಅನುಭವದಲ್ಲಿ ಫಲಿತಾಂಶ ಬದಲಾಗುವುದು ಇಲ್ಲೇ. ಕಂಪನಿ ಸಾಮಾನ್ಯವಾಗಿ ಒಂದು ಪುಟ ಹಿಡಿದು ಮಾತಾಡುತ್ತದೆ. ನೀವು ಇಡೀ ಕೇಸ್ ಶೀಟ್ ಹಿಡಿದು ಮಾತಾಡಬೇಕು.

ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಲಿಖಿತ ಅರ್ಜಿ ಕೊಡಿ. ಮರಣ ಪ್ರಮಾಣಪತ್ರ, ನಿಮ್ಮ ಸಂಬಂಧ ತೋರಿಸುವ ದಾಖಲೆ, ಗುರುತಿನ ಚೀಟಿ ಜೊತೆಗಿಡಿ. ಡಿಸ್ಚಾರ್ಜ್ ಅಥವಾ ಡೆತ್ ಸಮ್ಮರಿ ಮಾತ್ರ ಸಾಲದು, ಒಳರೋಗಿ ದಾಖಲೆ ಪೂರ್ತಿ ಬೇಕು ಅಂತ ಬರೆಯಿರಿ. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ 2002ರ ವೈದ್ಯರ ನಡತೆಯ ನಿಯಮಗಳಲ್ಲಿದೆ. ಅದೇ ನಿಯಮ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಲು ಹೇಳುತ್ತದೆ, ಹಾಗಾಗಿ ತಡ ಮಾಡಬೇಡಿ.

ಭಾವನ ಕೇಸ್ ಶೀಟ್ 23 ಪುಟ ಇತ್ತು. ಮೊದಲ ಪುಟ ಕ್ಯಾಶುಯಾಲ್ಟಿಯದ್ದು. ಡ್ಯೂಟಿ ಡಾಕ್ಟರ್ ಓಡಾಟದಲ್ಲಿ ಗೀಚಿದ ನಾಲ್ಕು ಸಾಲು. ಮೂರನೆಯ ಸಾಲು: 'ಸ್ಮೋಕರ್, 15 ವರ್ಷ'. ಕಂಪನಿ ಹಿಡಿದದ್ದು ಇದನ್ನೇ. ಅದೇ ಪುಟದ ಮೇಲೆ ಒಂದು ಖಾನೆ ಇತ್ತು, ಮಾಹಿತಿ ಕೊಟ್ಟವರು ಯಾರು ಅಂತ. ಅಲ್ಲಿ ಅಂಗಡಿಯ ಹುಡುಗನ ಹೆಸರಿತ್ತು. ಭಾವ ಅಂಗಡಿಯಲ್ಲಿ ಕುಸಿದಾಗ ಆಟೋದಲ್ಲಿ ಕರೆತಂದವನು ಅವನೇ. ಅವನು ಕೆಲಸಕ್ಕೆ ಸೇರಿ ಆಗ ಎಂಟು ತಿಂಗಳಾಗಿತ್ತು. ಹದಿನೈದು ವರ್ಷದ ಲೆಕ್ಕ ಅವನಿಗೆ ಎಲ್ಲಿಂದ ಗೊತ್ತಿರಬೇಕು?

ಏಳನೆಯ ಪುಟದಲ್ಲಿ ಹೃದ್ರೋಗ ತಜ್ಞರ ಟಿಪ್ಪಣಿ. ಅದು ಭಾವನಿಗೆ ಸ್ವಲ್ಪ ಎಚ್ಚರ ಬಂದಾಗ ಅವರನ್ನೇ ಕೇಳಿ ಬರೆದದ್ದು. ಅಲ್ಲಿ 'ಎಕ್ಸ್ ಸ್ಮೋಕರ್, ಬಿಟ್ಟು 4 ವರ್ಷ' ಅಂತಿತ್ತು. ಅಕ್ಕ ಆ ಸಾಲಿನ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದಳು. ಅವರು ಕೊನೆಯದಾಗಿ ಯಾರಿಗೋ ಹೇಳಿದ ಮಾತು ಅದು.

ನೀವು ಓದುವಾಗಲೂ ಇದೇ ಕ್ರಮ ಇಟ್ಟುಕೊಳ್ಳಿ: ಸಿಗರೇಟಿನ ಮಾತು ಎಷ್ಟು ಕಡೆ ಬಂದಿದೆ, ಪ್ರತಿ ಕಡೆ ಯಾರು ಹೇಳಿದ್ದು, ಯಾರು ಬರೆದದ್ದು, ಎಷ್ಟು ಗಂಟೆಗೆ. ಅಂಕಿಗಳು ಒಂದಕ್ಕೊಂದು ಹೊಂದದಿದ್ದರೆ ಒಂದು ಪಟ್ಟಿ ಮಾಡಿ. ಬರೆದ ವೈದ್ಯರ ಅಫಿಡವಿಟ್ ಇಲ್ಲದೆ, ಕೇಸ್ ಶೀಟ್‌ನಲ್ಲಿ ಯಾರೋ ಹೇಳಿದ ಹಿಂದಿನ ಅಭ್ಯಾಸದ ಟಿಪ್ಪಣಿಯೊಂದೇ ಸಾಕಷ್ಟು ಪುರಾವೆ ಅಲ್ಲ ಅಂತ ಗ್ರಾಹಕರ ಆಯೋಗಗಳು ಹಲವು ಆದೇಶಗಳಲ್ಲಿ ಹೇಳಿವೆ. ಸಾಧ್ಯವಾದರೆ ಚಿಕಿತ್ಸೆ ಕೊಟ್ಟ ವೈದ್ಯರಿಂದಲೇ ಒಂದು ಪತ್ರ ಪಡೆಯಿರಿ. ನಾವು ತಜ್ಞರನ್ನು ಭೇಟಿಯಾಗಿ, ಏಳನೆಯ ಪುಟದ ಟಿಪ್ಪಣಿ ತಾವು ರೋಗಿಯನ್ನೇ ಕೇಳಿ ಬರೆದದ್ದು ಅಂತ ಎರಡು ಸಾಲು ಬರೆಸಿಕೊಂಡೆವು.

ತನಿಖೆಯವರ ಹೇಳಿಕೆ ಕಾಗದವನ್ನೂ ಹೀಗೇ ಓದಿ. ಮಾರ್ಚ್‌ನಲ್ಲಿ ಒಬ್ಬರು ಮನೆಗೆ ಬಂದು ಕಾಫಿ ಕುಡಿದು, ಸಮಾಧಾನ ಹೇಳಿ, ಅಕ್ಕನ ಹತ್ತಿರ ಸಹಿ ಹಾಕಿಸಿಕೊಂಡು ಹೋಗಿದ್ದರು. ಅಕ್ಕ ಹೇಳಿದ್ದು "ಮುಂಚೆ ಸೇದ್ತಿದ್ರು, ಬಿಟ್ಟಿದ್ರು" ಅಂತ. ಇಂಗ್ಲಿಷ್‌ನಲ್ಲಿ ಬರೆದಿದ್ದ ಹೇಳಿಕೆಯಲ್ಲಿ 'ಧೂಮಪಾನದ ಅಭ್ಯಾಸ ಇತ್ತು' ಅನ್ನುವಷ್ಟೇ ಇತ್ತು. ನಿಮ್ಮ ಮನೆಗೆ ಇನ್ನೂ ಯಾರೂ ಬಂದಿಲ್ಲವಾದರೆ, ಕನ್ನಡದಲ್ಲಿ ನೀವೇ ಬರೆದು ಸಹಿ ಹಾಕಿ ಕೊಡಿ, ಫೋಟೊ ತೆಗೆದುಕೊಂಡು ಇಟ್ಟುಕೊಳ್ಳಿ. ಈಗಾಗಲೇ ಸಹಿ ಹಾಕಿದ್ದರೆ, ತಾನು ಹೇಳಿದ್ದೇನು ಅಂತ ವಿವರಿಸಿ ನೋಟರಿ ಮಾಡಿಸಿದ ಅಫಿಡವಿಟ್ ಕೊಡಿ. ಅಕ್ಕ ಹಾಗೇ ಮಾಡಿದಳು.

ಒಂದು ಮಾತು ಖಂಡಿತವಾಗಿ ಹೇಳುತ್ತೇನೆ. ಸೇದುತ್ತಿದ್ದವರನ್ನು 'ಮುಟ್ಟಿಯೇ ಇರಲಿಲ್ಲ' ಅಂತ ಬರೆಯಬೇಡಿ. ಕೇಸ್ ಶೀಟ್‌ನ ಒಂದು ಸಾಲು ಅದನ್ನು ಸುಳ್ಳು ಮಾಡಿದರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಸೇದುವವರಿಗೂ ಪಾಲಿಸಿ ಕೊಡುತ್ತಾರೆ, ಅಲ್ವಾ?

45(4)ರಲ್ಲಿ ಒಂದು ವಿವರಣೆ ಇದೆ, ತುಂಬಾ ಜನ ಅದನ್ನು ಓದುವುದೇ ಇಲ್ಲ. ಕಂಪನಿ ಹೊತ್ತ ರಿಸ್ಕ್‌ಗೆ ನೇರ ಸಂಬಂಧ ಇಲ್ಲದ ಸಂಗತಿಯನ್ನು 'ಮುಖ್ಯ' ಅನ್ನುವಂತಿಲ್ಲ. ಆ ಸಂಗತಿ ಗೊತ್ತಿದ್ದಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಅಂತ ತೋರಿಸುವ ಹೊಣೆ ಕಂಪನಿಯದ್ದು. 'ಜಾಸ್ತಿ ಪ್ರೀಮಿಯಂ ತಗೊಳ್ಳುತ್ತಿದ್ದೆವು' ಅಂತ ತೋರಿಸಿದರೆ ಸಾಕು ಅಂತ ಅಲ್ಲಿ ಬರೆದಿಲ್ಲ.

ಈಗ ಅದೇ ಕಂಪನಿಯ ವೆಬ್‌ಸೈಟ್‌ಗೆ ಹೋಗಿ. ಟರ್ಮ್ ಪ್ಲಾನ್‌ನ ಪ್ರೀಮಿಯಂ ಲೆಕ್ಕ ಹಾಕುವ ಪುಟದಲ್ಲಿ ವಯಸ್ಸು, ಮೊತ್ತ, ತಂಬಾಕು 'ಹೌದು' ಅಥವಾ 'ಇಲ್ಲ' ಕೇಳುತ್ತದೆ. ಪಾಲಿಸಿ ಮಾಡಿಸಿದಾಗಿನ ವಯಸ್ಸು, ಅದೇ ಮೊತ್ತ ಹಾಕಿ ಎರಡು ಸಲ ಲೆಕ್ಕ ತೆಗೆಯಿರಿ. ತಾರೀಖು ಕಾಣುವಂತೆ ಪ್ರಿಂಟ್ ಮಾಡಿ. ಆ ಪ್ಲಾನ್‌ನ ಬ್ರೋಷರ್‌ನಲ್ಲಿ ಧೂಮಪಾನಿಗಳಿಗೆ ಬೇರೆ ದರ ಇದ್ದರೆ ಅದನ್ನೂ ಇಡಿ.

ಭಾವನ ಪಾಲಿಸಿ 40 ಲಕ್ಷದ್ದು, 41ನೇ ವಯಸ್ಸಿನಲ್ಲಿ ಮಾಡಿಸಿದ್ದು. ಅವರು ಕಟ್ಟುತ್ತಿದ್ದದ್ದು ವರ್ಷಕ್ಕೆ 11,800 ರೂಪಾಯಿ. 'ಹೌದು' ಅಂತ ಹಾಕಿದಾಗ ಬಂದದ್ದು 18,900. ಪಾಲಿಸಿ ಇಲ್ಲ ಅಂತ ಬರಲಿಲ್ಲ, ದರ ಮಾತ್ರ ಏರಿತು. ಅಂದರೆ ಸೇದುತ್ತಿದ್ದರೂ ಇದೇ ಕಂಪನಿ ಇದೇ ಪಾಲಿಸಿ ಕೊಡುತ್ತಿತ್ತು. ಈ ಎರಡು ಪ್ರಿಂಟ್ ನಮ್ಮ ಫೈಲಿನ ಅತಿ ಮುಖ್ಯವಾದ ಎರಡು ಹಾಳೆಗಳು.

ಇದರ ಮಿತಿಯನ್ನೂ ತಿಳಿದಿರಿ. 'ಆ ದರದಲ್ಲಿ ಆ ಪಾಲಿಸಿ ಕೊಡುತ್ತಿರಲಿಲ್ಲ' ಅಂತ ಕಂಪನಿ ವಾದಿಸುತ್ತದೆ, ಎಲ್ಲ ಕಡೆ ಒಂದೇ ತೀರ್ಪು ಬರುತ್ತದೆ ಅನ್ನುವಂತಿಲ್ಲ. ಮೇಲಾಗಿ ಈ ವಿವರಣೆ 45(4)ಕ್ಕೆ ಸೇರಿದ್ದು. ವಂಚನೆಯ ಆರೋಪ ಇದ್ದರೆ ಇದೊಂದೇ ಸಾಲದು, ಬೇಕಂತಲೇ ಮುಚ್ಚಿಡಲಿಲ್ಲ ಅನ್ನುವುದನ್ನೂ ತೋರಿಸಬೇಕು.

ಸಾವಿಗೂ ಸಿಗರೇಟಿಗೂ ಸಂಬಂಧ ಇಲ್ಲದಿದ್ದರೆ, ಅಂದರೆ ರಸ್ತೆ ಅಪಘಾತ ಅಥವಾ ಡೆಂಗಿಯಿಂದ ಸಾವಾಗಿದ್ದರೆ, ಸುಲಭಾ ಪ್ರಕಾಶ್ ಮೋಟೆಗಾಂವ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಕೊಟ್ಟ ತೀರ್ಪನ್ನು ಹೇಳಬಹುದು. ಅಲ್ಲಿ ಬೆನ್ನುಮೂಳೆಯ ತೊಂದರೆ ತಿಳಿಸಿರಲಿಲ್ಲ, ಸಾವು ಹೃದಯದ ಕಾಯಿಲೆಯಿಂದ ಆಗಿತ್ತು, ಹಣ ಕೊಡಬೇಕು ಅಂತ ಆಯಿತು. ಆದರೆ 2020ರ ದಲ್ಬೀರ್ ಕೌರ್ ಪ್ರಕರಣದಲ್ಲಿ ಅದೇ ಕೋರ್ಟ್ ಕಂಪನಿಯ ಪರ ನಿಂತು, ಪ್ರಪೋಸಲ್ ಫಾರ್ಮ್‌ನಲ್ಲಿ ನಿಜ ಹೇಳುವ ಹೊಣೆಗೆ ಒತ್ತು ಕೊಟ್ಟಿದೆ. ಹೃದಯಾಘಾತ, ಶ್ವಾಸಕೋಶದ ಕ್ಯಾನ್ಸರ್ ಇದ್ದಲ್ಲಿ ಈ ವಾದಕ್ಕೆ ಜೋತುಬೀಳಬೇಡಿ. ನಾವು ಬಳಸಲೇ ಇಲ್ಲ.

ನಿಜವಾಗಿಯೂ ಸೇದುತ್ತಿದ್ದು 'ಇಲ್ಲ' ಅಂತ ಬರೆದಿದ್ದರೆ? ಆಗ ಕೇಸು ಬಿಗಿಯಾಗುತ್ತದೆ. ಮೇಲಿನ ಹೊಣೆಯ ವಾದದ ಜೊತೆ ಒಂದು ಪರ್ಯಾಯ ಕೋರಿಕೆ ಇಡಬಹುದು: ಕಟ್ಟಿದ ಪ್ರೀಮಿಯಂಗೆ ಧೂಮಪಾನಿಯ ದರದಲ್ಲಿ ಎಷ್ಟು ಮೊತ್ತದ ಪಾಲಿಸಿ ಸಿಗುತ್ತಿತ್ತೋ ಅಷ್ಟಾದರೂ ಕೊಡಿ ಅಂತ. ನಮ್ಮ ಅಂಕಿಯಲ್ಲಿ 11,800ನ್ನು 18,900ರಿಂದ ಭಾಗಿಸಿ 40 ಲಕ್ಷಕ್ಕೆ ಗುಣಿಸಿದರೆ ಸುಮಾರು 25 ಲಕ್ಷ. ಹೀಗೆ ಕೊಡಲೇಬೇಕು ಅಂತ ಕಲಂನಲ್ಲಿ ಇಲ್ಲ, ಆದರೆ ಕೇಳುವುದಕ್ಕೆ ಅಡ್ಡಿಯಿಲ್ಲ.

ಕಂಪನಿಗೆ ಮೊದಲ ಮೇಲ್ಮನವಿ

ಇದನ್ನು ನಾಮಿನಿಯೇ ಬರೆಯಬೇಕು, ಕಂಪನಿಯ ದೂರು ಪರಿಹಾರ ಅಧಿಕಾರಿಗೆ. ತಿರಸ್ಕಾರ ಪತ್ರದ ಕೆಳಗೆ ವಿಳಾಸ, ಈಮೇಲ್ ಇರುತ್ತದೆ. ಎಲ್‌ಐಸಿ ಪಾಲಿಸಿಯಾದರೆ ವಲಯ ಕಚೇರಿಯ ಕ್ಲೇಮ್ ವಿವಾದ ಪರಿಹಾರ ಸಮಿತಿಗೆ. ಎರಡು ಪುಟ ದಾಟಬೇಡಿ. ಅಕ್ಕನ ಪತ್ರದ ನಡುವಿನ ಭಾಗ ಹೀಗಿತ್ತು:

"ಫಾರ್ಮ್‌ನ ಪ್ರಶ್ನೆ 12 ತಿಂಗಳ ಅವಧಿಗೆ ಸಂಬಂಧಿಸಿದ್ದು. ನನ್ನ ಪತಿ 2020ರ ಕೊನೆಯಲ್ಲಿ ಧೂಮಪಾನ ಬಿಟ್ಟಿದ್ದರು. ನೀವು ಆಧರಿಸಿದ ಪುಟ 1ರ ಟಿಪ್ಪಣಿ ಅಂಗಡಿ ಕೆಲಸಗಾರನ ಮಾಹಿತಿಯಿಂದ ಬರೆದದ್ದು. ಪುಟ 7ರಲ್ಲಿ ರೋಗಿಯೇ ಹೇಳಿದ ಮಾಹಿತಿ ಇದೆ, ವೈದ್ಯರ ಪತ್ರ ಲಗತ್ತಿಸಿದೆ. ಹಾಗಿಲ್ಲವೆಂದು ವಾದಕ್ಕೆ ಒಪ್ಪಿದರೂ, ಧೂಮಪಾನಿಗಳಿಗೆ ಇದೇ ಪಾಲಿಸಿ ನೀಡುತ್ತೀರಿ ಎಂಬುದಕ್ಕೆ ನಿಮ್ಮ ವೆಬ್‌ಸೈಟ್‌ನ ಪ್ರತಿ ಲಗತ್ತಿಸಿದೆ. 45(4)ರ ವಿವರಣೆಯ ಪ್ರಕಾರ ನಿಮ್ಮ ಮೇಲಿರುವ ಹೊಣೆಯನ್ನು ನೀವು ನಿರ್ವಹಿಸಿಲ್ಲ."

ಭಾವ ಬಿಟ್ಟಿದ್ದಕ್ಕೆ 2021ರ ಒಂದು ಹೆಲ್ತ್ ಚೆಕಪ್ ಕಾಗದ ಸಿಕ್ಕಿತು, ಅದರಲ್ಲಿ ಡಾಕ್ಟರ್ 'ನಾನ್ ಸ್ಮೋಕರ್ ಈಗ' ಅಂತ ಬರೆದಿದ್ದರು. ನಿಮ್ಮಲ್ಲೂ ಹಳೇ ಓಪಿಡಿ ಚೀಟಿ, ಹಲ್ಲಿನ ಡಾಕ್ಟರ ಚೀಟಿ ಹುಡುಕಿ. ಪಾಲಿಸಿಗಿಂತ ಮುಂಚಿನದಾದರೆ ಅದರ ತೂಕವೇ ಬೇರೆ.

ಮೇ 6ಕ್ಕೆ ಕಳಿಸಿದೆವು. 19ಕ್ಕೆ ಎರಡು ಸಾಲಿನ ಉತ್ತರ: ನಿರ್ಧಾರದಲ್ಲಿ ಬದಲಾವಣೆ ಇಲ್ಲ. ಇದಕ್ಕೆ ಎದೆಗುಂದಬೇಡಿ. ಮುಂದಿನ ಬಾಗಿಲು ತೆರೆಯಲು ಈ ಉತ್ತರ ಬೇಕೇ ಬೇಕು. ಉತ್ತರವೇ ಬರದಿದ್ದರೆ ಒಂದು ತಿಂಗಳು ಕಾದು ಮುಂದೆ ಹೋಗಬಹುದು. ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐನ bimabharosa.irdai.gov.in ನಲ್ಲಿ ಅಥವಾ 155255ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಆದರೆ ಅಲ್ಲಿ ದೂರು ಕಂಪನಿಗೇ ಹೋಗಿ ಉತ್ತರ ಬರುತ್ತದೆ, ಯಾರು ಸರಿ ಅನ್ನುವ ತೀರ್ಪು ಬರುವುದಿಲ್ಲ.

ವಿಮಾ ಓಂಬುಡ್ಸ್‌ಮನ್

ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ಆದೇಶ ಕೊಡುವ ಅಧಿಕಾರಿ ಇವರು. ಕೇಳುವ ಪರಿಹಾರ 50 ಲಕ್ಷದೊಳಗಿದ್ದರೆ ನಾನು ಮೊದಲು ಇಲ್ಲಿಗೇ ಹೋಗಿ ಅನ್ನುತ್ತೇನೆ. ಫೀಸ್ ಇಲ್ಲ, ವಕೀಲರು ಬೇಡ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧ ಕಟ್ಟಡದಲ್ಲಿದೆ. cioins.co.in ನಲ್ಲಿ ಆನ್‌ಲೈನ್ ಕೂಡ ಹಾಕಬಹುದು. ಕಂಪನಿ ನಿಮ್ಮ ಮೇಲ್ಮನವಿಯನ್ನು ತಿರಸ್ಕರಿಸಿದ ಒಂದು ವರ್ಷದೊಳಗೆ ಹಾಕಬೇಕು. ಅದೇ ವಿಷಯ ಗ್ರಾಹಕರ ಕೋರ್ಟ್‌ನಲ್ಲಿ ಇದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಕ್ರಮ ತಪ್ಪಿಸಬಾರದು.

ದೂರು ಹಾಕಿದ ಮೇಲೆ ಕಂಪನಿ ತನ್ನ ಕಡೆಯ ಟಿಪ್ಪಣಿ ಸಲ್ಲಿಸುತ್ತದೆ. ಅದರ ಪ್ರತಿ ಕೇಳಿ ಪಡೆಯಿರಿ. ತಿರಸ್ಕಾರ ಪತ್ರದಲ್ಲಿ ಇಲ್ಲದ ಹೊಸ ಕಾರಣ ಅಲ್ಲಿ ಸೇರಿಸಿದ್ದರೆ, 'ಇದನ್ನು ಪತ್ರದಲ್ಲಿ ತಿಳಿಸಿರಲಿಲ್ಲ' ಅಂತ ಕೂಡಲೇ ಬರೆದು ಕೊಡಿ.

ನಮ್ಮ ವಿಚಾರಣೆ ಸೆಪ್ಟೆಂಬರ್‌ನಲ್ಲಿ ವಿಡಿಯೋ ಕರೆಯಲ್ಲಿ ಆಯಿತು, ಕಾಲು ಗಂಟೆ ಇದ್ದಿರಬಹುದು. ಅಕ್ಕನೇ ಮಾತಾಡಿದಳು. ಮುಂಚಿನ ದಿನ ನಾಲ್ಕು ಹಾಳೆ ಮಾತ್ರ ಎತ್ತಿ ಮೇಲಿಟ್ಟಿದ್ದೆವು: ಫಾರ್ಮ್‌ನ ಪ್ರಶ್ನೆ, ಕೇಸ್ ಶೀಟ್‌ನ ಏಳನೇ ಪುಟ, ಪ್ರೀಮಿಯಂನ ಎರಡು ಲೆಕ್ಕ. 15 ವರ್ಷ ಅನ್ನುವುದನ್ನು ಯಾರು ಹೇಳಿದ್ದು ಅಂತ ಕಂಪನಿಯ ಪ್ರತಿನಿಧಿಯನ್ನು ಕೇಳಿದಾಗ ಅವರ ಹತ್ತಿರ ಉತ್ತರ ಇರಲಿಲ್ಲ. ಅಕ್ಟೋಬರ್‌ನಲ್ಲಿ ಪೂರ್ತಿ ಮೊತ್ತ ಕೊಡಬೇಕು ಅಂತ ಆದೇಶ ಬಂತು.

ಆದೇಶ ಬಂದ 30 ದಿನದೊಳಗೆ ಕಂಪನಿ ಪಾಲಿಸಬೇಕು, ಅದು ಅವರಿಗೆ ಕಡ್ಡಾಯ. ಆದೇಶ ನಿಮ್ಮ ವಿರುದ್ಧ ಬಂದರೆ ನೀವು ಗ್ರಾಹಕರ ಆಯೋಗಕ್ಕೆ ಹೋಗಬಹುದು.

ಗ್ರಾಹಕರ ಆಯೋಗ

ಮೊತ್ತ 50 ಲಕ್ಷ ದಾಟಿದ್ದರೆ, ಅಥವಾ ಓಂಬುಡ್ಸ್‌ಮನ್ ಹತ್ತಿರ ಸೋತಿದ್ದರೆ, ನಿಮ್ಮ ಜಿಲ್ಲೆಯ ಗ್ರಾಹಕರ ಆಯೋಗ. ಒಂದು ಕೋಟಿಯ ಪಾಲಿಸಿಯಾದರೆ ಬೆಂಗಳೂರಿನ ರಾಜ್ಯ ಆಯೋಗಕ್ಕೇ ಹೋಗಬೇಕು ಅಂತ ಅಂದುಕೊಳ್ಳಬೇಡಿ. 2019ರ ಕಾಯ್ದೆಯಲ್ಲಿ ಲೆಕ್ಕಕ್ಕೆ ಬರುವುದು ಕಟ್ಟಿದ ಹಣ, ಅಂದರೆ ಪ್ರೀಮಿಯಂ. ಅದು 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ, 5 ಲಕ್ಷದೊಳಗಿದ್ದರೆ ಫೀಸೂ ಇಲ್ಲ. ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, e-jagriti.gov.in ಮೂಲಕವೂ ಆಗುತ್ತದೆ. ಗಡುವು ಎರಡು ವರ್ಷ. ಮೊದಲ ತಿರಸ್ಕಾರ ಪತ್ರದ ದಿನದಿಂದಲೇ ಎಣಿಸಿಕೊಂಡರೆ ಕ್ಷೇಮ. ಇಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಕಂಪನಿ ಅಫಿಡವಿಟ್, ಪ್ರಶ್ನಾವಳಿ ಅಂತ ಶುರು ಮಾಡುತ್ತದೆ.

ಪ್ರೀಮಿಯಂ ವಾಪಸ್ ಬಂದರೆ

ಈ ಓಡಾಟದ ಮಧ್ಯೆಯೇ ಒಂದು ದಿನ ಅಕ್ಕನ ಖಾತೆಗೆ 35,400 ರೂಪಾಯಿ ಬಂತು. ಮೂರು ವರ್ಷದ ಪ್ರೀಮಿಯಂ. ಅಕ್ಕ ಗಾಬರಿಯಾದಳು, "ಇದನ್ನ ತಗೊಂಡ್ರೆ ಕೇಸ್ ಮುಗೀತಾ?" ಅಂತ. ಅವತ್ತೇ ಕಂಪನಿಗೆ ಈಮೇಲ್ ಮಾಡಿದೆವು: ಈ ಹಣ ನಾನು ಕೇಳದೆ ಬಂದಿದೆ, ತಿರಸ್ಕಾರವನ್ನು ನಾನು ಒಪ್ಪಿಲ್ಲ, ಮೇಲ್ಮನವಿಯ ಹಕ್ಕನ್ನು ಬಿಟ್ಟುಕೊಟ್ಟಿಲ್ಲ, ಕ್ಲೇಮ್ ಬಂದಾಗ ಇದನ್ನು ಅದರಲ್ಲಿ ಕಳೆಯಬಹುದು. 'ಪೂರ್ಣ ಮತ್ತು ಅಂತಿಮ' ಅಂತ ಬರೆದಿರುವ ರಸೀದಿಗೆ ಸಹಿ ಕೇಳಿದರೆ ಹಾಕಬೇಡಿ. ಕೊನೆಗೆ ನವೆಂಬರ್‌ನಲ್ಲಿ ಬಂದ ಮೊತ್ತ 39,64,600. ಆ 35,400 ಅನ್ನು ಅವರು ಕಳೆದುಕೊಂಡೇ ಹಾಕಿದ್ದರು.